ಉದ್ಧರಣ ಚಿಹ್ನೆ ಎಲ್ಲಿ, ಯಾರ ಮಾತಿಗೆ?

ಧ್ವನಿಮುದ್ರಿಸಿದ ಜನಪದ ಕಥೆಯನ್ನು ಬರಹಕ್ಕಿಳಿಸುವಾಗ ‘ಅಂತು’, ‘ಅಂದ’ಗಳನ್ನೆಲ್ಲ ತೆಗೆದು ಉದ್ಧರಣ ಚಿಹ್ನೆ ಹಾಕಿ, ಮರುಕಳಿಸುವ ಮಾತನ್ನು ಒಮ್ಮೆ ಮಾತ್ರ ಉಳಿಸಿಕೊಳ್ಳಿ ಎಂದು ಕಳೆದ ಸಂಚಿಕೆಯ ಲೇಖನ ಸಲಹೆ ಕೊಟ್ಟಿದೆ. ಈ ಸಲಹೆ ಕಥೆಯನ್ನೇ ಕೆಡಿಸುತ್ತದೆ.

ಕಾಗೆ–ಗುಬ್ಬಿಯ ಕಥೆ ತೆಗೆದುಕೊಳ್ಳಿ. ಸಗಣಿಯ ಮನೆ ಮಳೆಗೆ ಕರಗಿ, ಕಾಗೆ ಗುಬ್ಬಿಯ ಬಾಗಿಲಿಗೆ ಬರುತ್ತದೆ. ಹೇಳುವವರು ದನಿ ಬದಲಿಸುತ್ತಾರೆ, ಪುಟಕ್ಕೆ ದನಿಯಿಲ್ಲ. ಆದ್ದರಿಂದ ಮಾತಾಡುವವರು ಬದಲಾದಾಗಲೆಲ್ಲ ಹೊಸ ಸಾಲು ಬೇಕು:

“ಬಾಗ್ಲು ತೆಗಿಯೇ” ಅಂತು ಕಾಗೆ.

“ತಡಿ, ಮಗೀಗೆ ನೀರು ಹುಯ್ತಿದೀನಿ” ಅಂತು ಗುಬ್ಬಿ.

ಇಬ್ಬರೇ ಇದ್ದು ಮಾತು ವೇಗ ಪಡೆದ ಮೇಲೆ ‘ಅಂತು’ ಬಿಡಬಹುದು. ಮರಿಯೊಂದು ನಡುವೆ ಬಾಯಿ ಹಾಕಿದರೆ ಮತ್ತೆ ಬೇಕೇ ಬೇಕು. ಇನ್ನು ಆ ಮರುಕಳಿಕೆ: ನೀರು ಹುಯ್ಯುವುದು, ಬಟ್ಟೆ ಹಾಕುವುದು, ಉಣಿಸುವುದು. ಪ್ರತಿ ಸಲವೂ ಕಾಗೆ ಇನ್ನಷ್ಟು ನೆನೆಯುತ್ತದೆ. ಒಮ್ಮೆಗೆ ಇಳಿಸಿದರೆ ಆ ಕಾಯುವಿಕೆಯೇ ಇಲ್ಲ.

ಲೇಖನ ಮುಟ್ಟದೇ ಬಿಟ್ಟ ನಿಜವಾದ ತೊಡಕು ಬೇರೆ. ‘ತನ್ನ ಮಕ್ಕಳು ನೆನೀತಾವೆ ಅಂತು ಕಾಗೆ’ ಎಂದು ಹೇಳಿದ್ದರೆ ಅದು ಕಾಗೆಯ ನೇರ ಮಾತಲ್ಲ, ಹೇಳುವವರ ವರದಿ. ಇದಕ್ಕೆ ಉದ್ಧರಣ ಚಿಹ್ನೆ ಹಾಕಿದರೆ ‘ತನ್ನ’ ಎಡವುತ್ತದೆ. ‘ನನ್ನ’ ಎಂದು ತಿದ್ದಿದರೆ ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ. ಚಿಹ್ನೆಯಿಲ್ಲದೆ ಹಾಗೇ ಬಿಡಬೇಕು. ಸಂಶಯ ಬಂದಲ್ಲಿ ಧ್ವನಿಮುದ್ರಣ ಮತ್ತೆ ಕೇಳಿ: ಅಲ್ಲಿ ಕಾಗೆಯ ದನಿ ಇದೆಯೋ, ಕಥೆ ಹೇಳುವವರದೇ ದನಿಯೋ?