ಪುಸ್ತಕ ಕೈಯಲ್ಲಿದ್ದರೂ ಪುಟ ಸಿಗಬೇಕಲ್ಲ!



ಹರಿಹರದಿಂದ ಒಬ್ಬ ತಾಯಿ ಬರೆದಿದ್ದಾರೆ. ಅವರ ಸೊಸೆ ವಕೀಲಿ ಓದಿ ಮುಗಿಸಿದ್ದಾಳೆ. ಸನ್ನದು ಪಕ್ಕಾ ಆಗಬೇಕಾದರೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. ಮಗು ಚಿಕ್ಕದು, ಓದಲು ಸಿಗುವುದು ರಾತ್ರಿ ಒಂದೆರಡು ತಾಸು ಮಾತ್ರ. "ಪುಸ್ತಕ ನೋಡಿ ಬರೆಯೋ ಪರೀಕ್ಷೆ ಅಂತ ಧೈರ್ಯವಾಗಿ ಹೋದಳಮ್ಮಾ, ಪುಟ ಹುಡುಕೋದ್ರಲ್ಲೇ ಹೊತ್ತು ಹೋಯ್ತಂತೆ. ಏನು ಮಾಡೋದು?" ಎಂದು ಕೇಳಿದ್ದಾರೆ.

ನನ್ನ ತಮ್ಮನ ಮಗಳು ದಾವಣಗೆರೆಯ ಆರ್.ಎಲ್. ಲಾ ಕಾಲೇಜಿನಲ್ಲಿ ಓದಿ, ಇದೇ ಪರೀಕ್ಷೆಗೆ ನಮ್ಮ ಮನೆಯಲ್ಲೇ ಕೂತು ತಯಾರಾದವಳು. ಅವಳ ಪುಸ್ತಕಕ್ಕೆ ಚೀಟಿ ಅಂಟಿಸಿದ್ದು, ಪದಗಳ ಪಟ್ಟಿ ಮಾಡಿಸಿದ್ದು ನಾವಿಬ್ಬರೂ ಸೇರಿ. ಅದನ್ನೇ ಬರೆಯುತ್ತೇನೆ.

ಮೊದಲು ನಿಯಮ ತಿಳಿದಿರಲಿ. 2011ರಲ್ಲಿ ಈ ಪರೀಕ್ಷೆ ಶುರುವಾದಾಗ ಗೈಡು, ನೋಟ್ಸು ಎಲ್ಲವನ್ನೂ ಒಯ್ಯಬಹುದಿತ್ತು. 2021ರಿಂದ ಅದು ನಿಂತಿದೆ. ಈಗ 'ಬೇರ್ ಆಕ್ಟ್', ಅಂದರೆ ಟೀಕೆ ಟಿಪ್ಪಣಿ ಇಲ್ಲದ ಬರೀ ಕಾಯಿದೆ ಪುಸ್ತಕ ಮಾತ್ರ ಒಳಗೆ ಹೋಗುತ್ತದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದರೂ ಅದು ಟಿಪ್ಪಣಿಯೇ. ಆದ್ದರಿಂದ ಕೆಲಸವನ್ನು ಎರಡಾಗಿ ಮಾಡಿಕೊಳ್ಳಬೇಕು: ಪುಸ್ತಕಕ್ಕೆ ಅಕ್ಷರವಿಲ್ಲದ ಬಣ್ಣದ ಚೀಟಿ, ಮನೆಯ ನೋಟುಬುಕ್ಕಿನಲ್ಲಿ ಪದಗಳ ಪಟ್ಟಿ. ಚೀಟಿ ಪುಸ್ತಕದ ಜೊತೆ ಹೋಗುತ್ತದೆ, ಪಟ್ಟಿ ತಲೆಯಲ್ಲಿ ಹೋಗುತ್ತದೆ.

ಎಲ್ಲಿಂದ ಶುರು ಮಾಡುವುದು? ಪಠ್ಯಕ್ರಮದಲ್ಲಿ ಹತ್ತೊಂಬತ್ತು ವಿಷಯಗಳಿವೆ, ಪ್ರಶ್ನೆ ನೂರು. ಅದರಲ್ಲಿ ಸಂವಿಧಾನಕ್ಕೆ 10, ನ್ಯಾಯ ಸಂಹಿತೆಗೆ 8, ನಾಗರಿಕ ಸುರಕ್ಷಾ ಸಂಹಿತೆಗೆ 10, ಸಿವಿಲ್ ಪ್ರಕ್ರಿಯಾ ಸಂಹಿತೆಗೆ 10, ಸಾಕ್ಷ್ಯ ಅಧಿನಿಯಮಕ್ಕೆ 8. ಐದೇ ಪುಸ್ತಕದಿಂದ 46 ಪ್ರಶ್ನೆ! ಹೊತ್ತಿಲ್ಲದ ಸೊಸೆ ಮೊದಲು ಈ ಐದಕ್ಕೆ ಚೀಟಿ ಹಾಕಲಿ, ಉಳಿದದ್ದು ಆಮೇಲೆ.

ಚೀಟಿಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಅಂಟಿಸಿ ಕಿತ್ತರೂ ಹಾಳೆ ಹರಿಯದ ಬಣ್ಣದ ಪಟ್ಟಿಯೇ ಒಳ್ಳೆಯದು. ಮೈದಾ ಅಂಟು ಬೇಡ, ಹುಳ ಬೀಳುತ್ತದೆ, ಮತ್ತು ಬೇಡವೆಂದಾಗ ಕೀಳಲು ಬರುವುದಿಲ್ಲ. ಚೀಟಿ ಅರ್ಧ ಉಗುರಿನಷ್ಟು ಮಾತ್ರ ಹೊರಗೆ ಕಾಣಲಿ. ಉದ್ದ ಬಿಟ್ಟರೆ ಚೀಲದಲ್ಲಿ ಮಡಚಿ ಮುರಿಯುತ್ತದೆ. ಮೇಲಿನಿಂದ ಕೆಳಗೆ ಮೆಟ್ಟಿಲಿನ ಹಾಗೆ ಅಂಟಿಸಬೇಕು, ಒಂದರ ಮೇಲೊಂದು ಬಂದರೆ ಯಾವುದೂ ಕಾಣುವುದಿಲ್ಲ.

ಒಂದು ಪುಸ್ತಕಕ್ಕೆ ಎಂಟು ಹತ್ತು ಚೀಟಿ ಸಾಕು. ಕಲಮಿಗೊಂದು ಅಂಟಿಸಿದರೆ ಪುಸ್ತಕ ಮುಳ್ಳುಹಂದಿಯಂತಾಗುತ್ತದೆ, ಮತ್ತೆ ಹುಡುಕಾಟವೇ. ಅಧ್ಯಾಯ ಶುರುವಾಗುವ ಕಡೆ ಹಾಕಬೇಕು. ನ್ಯಾಯ ಸಂಹಿತೆಯಲ್ಲಿ ನಾವು ಹಾಕಿದ್ದು ಹೀಗೆ: 14ನೇ ಕಲಮಿಗೆ ವಿನಾಯಿತಿಗಳು, 45ಕ್ಕೆ ಕುಮ್ಮಕ್ಕು ಮತ್ತು ಒಳಸಂಚು, 63ಕ್ಕೆ ಹೆಂಗಸರು ಮಕ್ಕಳ ಮೇಲಿನ ಅಪರಾಧ, 100ಕ್ಕೆ ದೇಹದ ಮೇಲಿನ ಅಪರಾಧ, 303ಕ್ಕೆ ಕಳ್ಳತನ ಮೊದಲಾದ ಆಸ್ತಿ ಅಪರಾಧ, 351ಕ್ಕೆ ಬೆದರಿಕೆ ಮತ್ತು ಮಾನಹಾನಿ. ಮೇಲಿನಿಂದ ಮೂರನೆಯ ಚೀಟಿ ಅಂದರೆ ಹೆಂಗಸರು ಮಕ್ಕಳು ಅಂತ ಬೆರಳಿಗೇ ಗೊತ್ತಾಗಬೇಕು, ಕತ್ತಲಲ್ಲಿ ಸಾಸಿವೆ ಡಬ್ಬ ಕೈಗೆ ಸಿಗುವ ಹಾಗೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮಾತ್ರ ಎರಡು ಬಣ್ಣ ಬೇಕು. ಅದರಲ್ಲಿ ಮೊದಲು ಕಲಮುಗಳು, ಹಿಂದೆ 'ಆರ್ಡರ್'ಗಳು. ಒಮ್ಮೆ ತೀರ್ಮಾನವಾದ ವ್ಯಾಜ್ಯ ಮತ್ತೆ ಹೂಡಬಾರದು ಎಂಬುದು 11ನೇ ಕಲಮಿನಲ್ಲಿ ಇದ್ದರೆ, ತಾತ್ಕಾಲಿಕ ತಡೆಯಾಜ್ಞೆ 39ನೇ ಆರ್ಡರಿನಲ್ಲಿದೆ. ಒಂದೇ ಬಣ್ಣ ಹಾಕಿದರೆ ಆತುರದಲ್ಲಿ 39ನೇ ಕಲಮು ತೆರೆದು ಕೂರುತ್ತಾರೆ.

ಇನ್ನು ಪದಗಳ ಪಟ್ಟಿ. ನೋಟುಬುಕ್ಕಿನಲ್ಲಿ ನಾಲ್ಕು ಮನೆ ಗೀಚಿ: ಪದ, ಹೊಸ ಕಲಮು, ಹಳೆಯ ಕಲಮು, ಪುಟ. ಪರೀಕ್ಷೆ ಬರೆಯುವ ಭಾಷೆಯಲ್ಲೇ ಪದಗಳಿರಲಿ, ಅಕಾರಾದಿಯಾಗಿ ಜೋಡಿಸಿ. ಹಳೆಯ ಕಲಮು ಯಾಕೆಂದರೆ 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನು ಬಂದು ಎಲ್ಲ ಸಂಖ್ಯೆಯೂ ಬದಲಾಗಿದೆ. ಓದುವಾಗ ನಾಲಿಗೆಯ ಮೇಲೆ ಬರುವುದು ಹಳೆಯ 302, ಈಗ ಕೊಲೆಗೆ ಶಿಕ್ಷೆ ಇರುವುದು 103ರಲ್ಲಿ. ಪುಟದ ಸಂಖ್ಯೆ ಆ ಒಂದು ಮುದ್ರಣಕ್ಕೆ ಮಾತ್ರ. ಪುಸ್ತಕ ಬದಲಾದರೆ ಕಲಮಿನ ಸಂಖ್ಯೆಯೇ ಗತಿ.

ಪದ ಆರಿಸುವುದರಲ್ಲೇ ಜಾಣತನ. ಪುಸ್ತಕದ ಶೀರ್ಷಿಕೆಯನ್ನೇ ಇಳಿಸಿಕೊಂಡರೆ ಉಪಯೋಗವಿಲ್ಲ, ಪ್ರಶ್ನೆಯಲ್ಲಿ ಆ ಮಾತು ಇರುವುದೇ ಇಲ್ಲ, ಕಥೆ ಇರುತ್ತದೆ. ಉದಾಹರಣೆಗೆ: 'ಮದುವೆಯಾದ ನಾಲ್ಕು ವರ್ಷಕ್ಕೆ ಹೆಂಗಸು ಸುಟ್ಟಗಾಯದಿಂದ ಸತ್ತಳು, ಸಾಯುವ ಮುಂಚೆ ವರದಕ್ಷಿಣೆಗೆ ಕಾಟವಿತ್ತು.' ಇಲ್ಲಿ 'ವರದಕ್ಷಿಣೆ ಸಾವು' ಅಂತ ಒಂದು ಪದ ಬರೆದರೆ ಸಾಲದು. ಹೀಗೆ ಬರೆಯಬೇಕು:

ಏಳು ವರ್ಷದೊಳಗೆ ಸಾವು – ನ್ಯಾಯ ಸಂಹಿತೆ 80 (ಹಳೆಯ 304ಬಿ)
ವರದಕ್ಷಿಣೆ ಸಾವು – ನ್ಯಾಯ ಸಂಹಿತೆ 80. ಸಾಕ್ಷ್ಯ 118 (ಹಳೆಯ 113ಬಿ)
ಗಂಡನ ಮನೆ ಕಾಟ – ನ್ಯಾಯ ಸಂಹಿತೆ 85, 86 (ಹಳೆಯ 498ಎ)

ಎರಡನೆಯ ಸಾಲು ನೋಡಿ. ಶಿಕ್ಷೆ ಎಷ್ಟು ಎಂದು ಕೇಳಿದರೆ ನ್ಯಾಯ ಸಂಹಿತೆ ತೆರೆಯಬೇಕು. ನ್ಯಾಯಾಲಯ ಗಂಡನ ಮೇಲೆ ಏನೆಂದು ಭಾವಿಸಿಕೊಳ್ಳಬೇಕು ಎಂದು ಕೇಳಿದರೆ ಸಾಕ್ಷ್ಯ ಅಧಿನಿಯಮ ತೆರೆಯಬೇಕು. ಕಥೆ ಒಂದೇ, ಪುಸ್ತಕ ಎರಡು. ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಇದ್ದರೆ ತಪ್ಪು ಪುಸ್ತಕ ತಿರುವುವುದಿಲ್ಲ.

ಆಮೇಲೆ ಪರೀಕ್ಷಿಸುವುದು. ಇದಕ್ಕೆ ಕಾನೂನು ಗೊತ್ತಿಲ್ಲದ ಅತ್ತೆಯೇ ಸಾಕು. ಪಟ್ಟಿ ನೀವು ಹಿಡಿದುಕೊಂಡು ಹತ್ತು ಪದ ಕೇಳಿ, ಸೊಸೆ ಪುಸ್ತಕದಲ್ಲಿ ಕಲಮು ತೋರಿಸಲಿ. ಒಂದು ಪ್ರಶ್ನೆಗೆ ಸಿಗುವುದು ಸುಮಾರು ಎರಡು ನಿಮಿಷ. ಓದಿ ಯೋಚಿಸಲೂ ಬೇಕಲ್ಲ, ಹಾಗಾಗಿ ಹುಡುಕಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಹೆಚ್ಚು ಹಿಡಿದದ್ದಕ್ಕೆ ಗುರುತು ಹಾಕಿ. ಯಾವ ಪುಸ್ತಕ ಎಂದೇ ತೋಚದಿದ್ದರೆ ಪದ ಸರಿಯಿಲ್ಲ, ಬದಲಾಯಿಸಬೇಕು. ಪುಸ್ತಕ ಸರಿಯಾಗಿ ಹಿಡಿದು ಪುಟ ತಿರುವುತ್ತಿದ್ದರೆ ಅಲ್ಲಿ ಚೀಟಿ ಬೇಕು. ತಪ್ಪು ಚೀಟಿ ಎಳೆದರೆ ಚೀಟಿ ಹೆಚ್ಚಾಗಿದೆ, ಒಂದೆರಡು ಕೀಳಬೇಕು. ನಮ್ಮ ಹುಡುಗಿಗೆ ಮೊದಲ ದಿನ ಹತ್ತರಲ್ಲಿ ನಾಲ್ಕೇ ಸಿಕ್ಕಿದ್ದವು. ಇಪ್ಪತ್ತು ದಿನದಲ್ಲಿ ಒಂಬತ್ತು ಸಿಗತೊಡಗಿದವು, ಅಷ್ಟು ಹೊತ್ತಿಗೆ ಅರ್ಧಕ್ಕೆ ಪುಸ್ತಕವೇ ಬೇಡವಾಗಿತ್ತು.

ಕೊನೆಯ ಮಾತು. ಅಕ್ಷರವಿಲ್ಲದ ಚೀಟಿಯನ್ನೂ ಮೇಲ್ವಿಚಾರಕರು ಬೇಡ ಎನ್ನಬಹುದು. ಆ ಸಲದ ಪ್ರಕಟಣೆಯಲ್ಲಿ ಏನಿದೆ ಎಂದು ಮೊದಲೇ ಓದಿಕೊಳ್ಳಿ. ವಾರ ಮುಂಚೆ ಒಂದು ದಿನ ಚೀಟಿ ಇಲ್ಲದ ಪುಸ್ತಕದಲ್ಲೂ ಹುಡುಕಿಸಿ. ಪ್ರತಿ ಕಾಯಿದೆಯ ಮೊದಲಲ್ಲಿ ಕಲಮುಗಳ ಅನುಕ್ರಮ ಅಚ್ಚಾಗಿರುತ್ತದೆ. ಅದು ಪುಸ್ತಕದ್ದೇ ಭಾಗ, ಅದನ್ನು ಯಾರೂ ಕೀಳಿಸಲಾರರು. ಆ ಅನುಕ್ರಮದಲ್ಲಿ ಕಣ್ಣಾಡಿಸಿ ಕಲಮು ಹಿಡಿಯುವ ಅಭ್ಯಾಸವಿದ್ದರೆ, ಬಾಗಿಲಲ್ಲಿ ಚೀಟಿ ಕಿತ್ತರೂ ಸೊಸೆ ಗಾಬರಿಯಾಗುವುದಿಲ್ಲ.