ವಾಲ್ಯೂಮ್ ಏರಿದ ಕೂಡಲೇ ಓಡಬೇಕಾ?

ನಾವು ಮೂವರು ಜಲನಗರದ ರೂಮಿನಲ್ಲಿ ಕೂತು ಈ ಸೆಮಿಸ್ಟರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಅದರ ಕೆಲಸ ಇಷ್ಟೇ: ಇನ್ಫೋಸಿಸ್‌ನ 2,00,000 ಷೇರುಗಳನ್ನು ಒಂದೇ ದಿನದಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾರುವುದು. ನಿಜವಾದ ದುಡ್ಡು ಇಲ್ರಿ, ಹಳೇ ಡೇಟಾ ಮೇಲೆ ಆಟ. ನಿಯಮ ಕೂಡ ಸರಳ. ಐದೈದು ನಿಮಿಷಕ್ಕೊಮ್ಮೆ ನೋಡು, ಮಾರ್ಕೆಟ್‌ನಲ್ಲಿ ಎಷ್ಟು ಷೇರು ಕೈ ಬದಲಾಯಿತೋ ಅದರ 10% ನೀನು ಮಾರು. ಜಾಸ್ತಿ ಜನ ಇದ್ದಾಗ ಜಾಸ್ತಿ ಮಾರು, ಕಡಿಮೆ ಇದ್ದಾಗ ಕಡಿಮೆ. ಕೇಳೋಕೆ ಬಹಳ ಜಾಣತನದ ಮಾತು. ಆದರೆ ವಾಲ್ಯೂಮ್ ಒಮ್ಮೆಲೇ ಹತ್ತು ಪಟ್ಟು ಏರಿದಾಗ ಏನು ಮಾಡಬೇಕು ಅನ್ನೋದರ ಮೇಲೆ ನಮ್ಮಲ್ಲೇ ಜಗಳ ಹತ್ತಿತು. ಆ ಜಗಳದ ಕೊನೆಗೆ ನಾವು ಒಪ್ಪಿಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲು, ಏರಿಕೆಯನ್ನು ಗುರುತಿಸೋದು ಹೆಂಗ? ನಮ್ಮ ಮೊದಲ ಕೋಡ್ ಇಡೀ ದಿನದ ಸರಾಸರಿ ಜೊತೆ ಹೋಲಿಸುತ್ತಿತ್ತು. ಪರಿಣಾಮ, ದಿನಾ ಬೆಳಿಗ್ಗೆ 9:15ಕ್ಕೆ ಅಲಾರಂ, ಮಧ್ಯಾಹ್ನ 3 ದಾಟಿದ ಮೇಲೆ ಮತ್ತೆ ಅಲಾರಂ. ಇದು ಸುದ್ದಿಯಲ್ಲ, ಮಾರ್ಕೆಟ್‌ನ ದಿನಚರಿ. ತೆರೆಯುವಾಗ ಮತ್ತು ಮುಚ್ಚುವಾಗ ವ್ಯಾಪಾರ ಹೆಚ್ಚು, ನಡುವೆ ಊಟದ ಹೊತ್ತಿಗೆ ಕಡಿಮೆ. ಹಂಗಾಗಿ 11:20ರ ಐದು ನಿಮಿಷವನ್ನು ಹಿಂದಿನ 20 ದಿನಗಳ 11:20ರ ಜೊತೆಗೇ ಹೋಲಿಸಬೇಕು. ಅದೂ ಸರಾಸರಿ ಬೇಡ, ಮೀಡಿಯನ್ ಬೇಕು. ಆ 20 ದಿನಗಳಲ್ಲಿ ಒಂದು ದಿನ ದೊಡ್ಡ ಗದ್ದಲ ಆಗಿದ್ದರೆ ಸರಾಸರಿ ಉಬ್ಬಿಬಿಡುತ್ತದೆ, ಮುಂದಿನ ಏರಿಕೆ ಕಣ್ಣಿಗೇ ಬೀಳೋದಿಲ್ಲ. ಸಾಲಾಗಿ ಜೋಡಿಸಿದಾಗ ನಡುವೆ ನಿಲ್ಲುವ ಮೀಡಿಯನ್ ಅಷ್ಟು ಸುಲಭವಾಗಿ ಅಲುಗಾಡೋದಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 11:20ರ ಮೀಡಿಯನ್ 40,000 ಷೇರು. ಇವತ್ತು ಅದೇ ಹೊತ್ತಿಗೆ 4,04,000. ಅದರಲ್ಲಿ 4,000 ನಾವೇ ಮಾರಿದ್ದು, ಅದನ್ನು ಕಳೆಯಲೇಬೇಕು. ಉಳಿದದ್ದು 4,00,000, ಅಂದ್ರ ಹತ್ತು ಪಟ್ಟು. ಹಳೇ ನಿಯಮ ಈಗ ಏನು ಹೇಳುತ್ತದೆ? 40,000 ಷೇರು ಮಾರು ಅನ್ನುತ್ತದೆ. ಇಡೀ ದಿನದ ಕೆಲಸದ ಐದನೇ ಒಂದು ಭಾಗ ಐದೇ ನಿಮಿಷದಲ್ಲಿ ಮುಗಿಯಿತು. ಬೆಲೆ ಎಷ್ಟಿದೆ ಅಂತ ಅದು ಕೇಳಲೇ ಇಲ್ಲ.

ಇಂಥದ್ದೇ ನಿಯಮ ನಿಜವಾಗಿ ಓಡಿದ ದಿನ ಒಂದಿದೆ: ಅಮೆರಿಕದಲ್ಲಿ 2010ರ ಮೇ 6. ಒಂದು ಫಂಡ್ ಸೂಚ್ಯಂಕದ 75,000 ಫ್ಯೂಚರ್ಸ್ ಕಾಂಟ್ರಾಕ್ಟ್ ಮಾರಲು ಒಂದು ಪ್ರೋಗ್ರಾಂಗೆ ಒಪ್ಪಿಸಿತು. ಹಿಂದಿನ ಒಂದು ನಿಮಿಷದ ವಾಲ್ಯೂಮ್‌ನ 9% ಮಾರು, ಬೆಲೆ ನೋಡಬೇಡ, ಸಮಯ ನೋಡಬೇಡ ಎಂಬುದು ಆದೇಶ. ವೇಗದ ಟ್ರೇಡರ್‌ಗಳ ಯಂತ್ರಗಳು ಅದನ್ನು ಕೊಂಡವು, ಆದರೆ ಇಟ್ಟುಕೊಳ್ಳಲಿಲ್ಲ. ಬಿಸಿ ಕೆಂಡ ದಾಟಿಸಿದ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟಿಸಿದವು. ಸರ್ಕಾರಿ ತನಿಖಾ ವರದಿಯ ಪ್ರಕಾರ 14 ಸೆಕೆಂಡುಗಳಲ್ಲಿ ಅವರ ನಡುವೆ 27,000ಕ್ಕೂ ಹೆಚ್ಚು ಕಾಂಟ್ರಾಕ್ಟ್ ಓಡಾಡಿದವು, ನಿವ್ವಳ ಖರೀದಿ ಮಾತ್ರ ಸುಮಾರು 200. ಪ್ರೋಗ್ರಾಂ ಇದನ್ನು ‘ಕೊಳ್ಳುವವರು ಬಹಳ ಮಂದಿ ಇದ್ದಾರೆ’ ಎಂದು ಓದಿಕೊಂಡು ಇನ್ನೂ ಜೋರಾಗಿ ಮಾರಿತು. ಅದೇ ಫಂಡ್ ಹಿಂದೊಮ್ಮೆ ಐದು ತಾಸಿಗೂ ಹೆಚ್ಚು ತೆಗೆದುಕೊಂಡಿದ್ದ ಅಷ್ಟೇ ಗಾತ್ರದ ಕೆಲಸ ಆ ದಿನ ಸುಮಾರು 20 ನಿಮಿಷದಲ್ಲಿ ಮುಗಿಯಿತು. ಬೆಲೆ ಪಾತಾಳಕ್ಕೆ ಇಳಿದಾಗ ವಿನಿಮಯ ಕೇಂದ್ರದ ಯಂತ್ರವೇ ವ್ಯಾಪಾರವನ್ನು 5 ಸೆಕೆಂಡ್ ನಿಲ್ಲಿಸಿತು. ಅಷ್ಟರಿಂದಲೇ ಬೆಲೆ ಸುಧಾರಿಸಿಕೊಳ್ಳತೊಡಗಿತು.

ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಬ್ಬ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಕಣ್ಣು ಮುಚ್ಚಿ ಚಪ್ಪಾಳೆ ಎಣಿಸಿದವನಿಗೆ ಅಲ್ಲಿ ದೊಡ್ಡ ಗುಂಪೇ ಇದೆ ಅನಿಸುತ್ತದೆ. ಆ ಪ್ರೋಗ್ರಾಂಗೆ ಆದದ್ದು ಇದೇ. ಅದು ತನ್ನದೇ ಪ್ರತಿಧ್ವನಿಯನ್ನು ಜನಸಂದಣಿ ಅಂತ ತಿಳಿಯಿತು.

ಆದರೆ ನಮ್ಮಲ್ಲೊಬ್ಬ ಬಿಡಲಿಲ್ಲ. ‘2019ರ ಅಕ್ಟೋಬರ್ 22 ನೋಡ್ರಿ’ ಅಂದ. ಇನ್ಫೋಸಿಸ್ ಲೆಕ್ಕಪತ್ರದ ಮೇಲೆ ಆರೋಪ ಹೊರಿಸಿದ ಅನಾಮಧೇಯ ಪತ್ರದ ಸುದ್ದಿ ಸೋಮವಾರ ಬಂತು. ಆ ದಿನ ಮಹಾರಾಷ್ಟ್ರ ಚುನಾವಣೆ, ಮುಂಬೈ ಮಾರ್ಕೆಟ್‌ಗೆ ರಜೆ. ಮಂಗಳವಾರ ತೆರೆದಾಗಲೇ ಷೇರು ಜೋರಾಗಿ ಕುಸಿದಿತ್ತು, ಆಮೇಲೆ ಇನ್ನೂ ಇಳಿದು ದಿನದ ಕೊನೆಗೆ ಸುಮಾರು 16% ಕೆಳಗೆ ನಿಂತಿತು. ಅವತ್ತು ಅವಸರ ಮಾಡಿದವನೇ ಗೆದ್ದ, ತಡೆದವನು ಸೋತ. ಇದು ನಿಜ, ನಾವು ಒಪ್ಪುತ್ತೇವೆ. ಆದರೆ ಆ ಸುದ್ದಿಯ ಪೂರ್ತಿ ಅರ್ಥ ಯಾವಾಗ ಗೊತ್ತಾಯಿತು? 2020ರ ಜನವರಿ 10ರಂದು, ತನಿಖೆಯಲ್ಲಿ ಅವ್ಯವಹಾರದ ಪುರಾವೆ ಸಿಗಲಿಲ್ಲ ಎಂದು ಕಂಪನಿ ತಿಳಿಸಿದಾಗ. ಮನುಷ್ಯರಿಗೇ ಎರಡೂವರೆ ತಿಂಗಳು ಹಿಡಿದದ್ದನ್ನು ಐದು ನಿಮಿಷದ ಒಂದು ಸಂಖ್ಯೆ ಹೇಳಲಾರದು. ವಾಲ್ಯೂಮ್ ‘ಏನೋ ಆಗಿದೆ’ ಅನ್ನುತ್ತದೆ, ‘ಏನು’ ಅಂತ ಹೇಳೋದಿಲ್ಲ.

ಹಾಗಾಗಿ ನಮ್ಮ ವಾದ ಹೀಗಿದೆ: ಬರೀ ವಾಲ್ಯೂಮ್ ನೋಡಿ ವೇಗ ಹೆಚ್ಚಿಸುವ ಹಕ್ಕು ಪ್ರೋಗ್ರಾಂಗೆ ಇರಬಾರದು. ಅದಕ್ಕೆ ನಿಧಾನ ಮಾಡುವ ಹಕ್ಕು ಮಾತ್ರ ಇರಲಿ. ನಮ್ಮ ಕೋಡ್‌ನ ತಿರುಳು ಮೂರೇ ಸಾಲು:

```python
others = today - mine
ratio = others / base
cap = 0.10 * min(others, 2 * base)
```

ಇಲ್ಲಿ `base` ಅಂದ್ರ ಆ ಹೊತ್ತಿನ ಮೀಡಿಯನ್. ಮಾರ್ಕೆಟ್ ಎಷ್ಟೇ ಕುದಿಯಲಿ, ಮಾಮೂಲಿಯ ಎರಡು ಪಟ್ಟಿಗಿಂತ ಹೆಚ್ಚನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ಮೇಲಿನ ಉದಾಹರಣೆಯಲ್ಲಿ 40,000 ಬದಲು ಹೆಚ್ಚೆಂದರೆ 8,000.

`ratio` ನಾಲ್ಕು ದಾಟಿದರೆ ಮೊದಲ ಪ್ರಶ್ನೆ: ಇದು ಒಂದೇ ದೊಡ್ಡ ವಹಿವಾಟಾ, ಸಾವಿರ ಸಣ್ಣವಾ? 4,00,000ರಲ್ಲಿ 3,40,000 ಒಂದೇ ವಹಿವಾಟು ಆಗಿದ್ದು ಬೆಲೆಯೂ ಅಲ್ಲೇ ಇದ್ದರೆ, ಅದನ್ನು ತೆಗೆದು ನೋಡಿ. ಉಳಿದದ್ದು ಒಂದೂವರೆ ಪಟ್ಟು ಮಾತ್ರ. ಇಬ್ಬರು ದೊಡ್ಡವರು ಕೈಕುಲುಕಿದ್ದಾರೆ ಅಷ್ಟೇ, ಪ್ರೋಗ್ರಾಂ ತನ್ನ ಪಾಡಿಗೆ ನಡೆಯಲಿ. ಬದಲಿಗೆ ವಹಿವಾಟುಗಳ ಸಂಖ್ಯೆಯೂ ಏರಿದೆ, ಬೆಲೆಯೂ ಓಡುತ್ತಿದೆ ಅಂದ್ರ ಕಾಯುತ್ತಿರುವ ನಮ್ಮ ಆರ್ಡರ್‌ಗಳನ್ನು ಮೊದಲು ಹಿಂತೆಗೆದುಕೊಳ್ಳಬೇಕು. ಒಳ್ಳೆ ಸುದ್ದಿ ಬಂದು ಬೆಲೆ ಏರುವಾಗ ನಮ್ಮ ಹಳೇ ದರದ ಮಾರಾಟದ ಆರ್ಡರ್ ಅಲ್ಲೇ ಕೂತಿದ್ದರೆ, ಸುದ್ದಿ ಮೊದಲೇ ಗೊತ್ತಿದ್ದವನು ಅದನ್ನು ಅಗ್ಗಕ್ಕೆ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ಐದು ನಿಮಿಷ ನಿಲ್ಲಬೇಕು, ಒಬ್ಬ ಮನುಷ್ಯನನ್ನು ಕರೆಯಬೇಕು. ಅವನು ವಿನಿಮಯ ಕೇಂದ್ರದಲ್ಲಿ ಕಂಪನಿಯ ಪ್ರಕಟಣೆ ಇದೆಯಾ ನೋಡಲಿ. ವೇಗ ಹೆಚ್ಚಿಸಬೇಕು ಅನಿಸಿದರೆ ಅವನೇ, ಕನಿಷ್ಠ ಬೆಲೆಯೊಂದನ್ನು ಬರೆದು ಹೆಚ್ಚಿಸಲಿ. ಯಾರೂ ಉತ್ತರಿಸದಿದ್ದರೆ ಪ್ರೋಗ್ರಾಂ ಆ `cap` ಒಳಗೇ ಮುಂದುವರಿಯಲಿ.

ಇದರ ಬೆಲೆ ನಮಗೆ ಗೊತ್ತಿದೆ. 2019ರಂಥ ದಿನ ನಮ್ಮ ಪ್ರೋಗ್ರಾಂ ಹಿಂದೆ ಬೀಳುತ್ತದೆ, ಸಂಜೆಗೆ ಬೈಸಿಕೊಳ್ಳುತ್ತದೆ. ಆದರೆ ಆ ನಷ್ಟ ಬೇರೆಯವರು ಇಳಿಸಿದ ಬೆಲೆಯಿಂದ ಆದದ್ದು. 2010ರಂಥ ದಿನದಲ್ಲಿ ಬೆಲೆ ಇಳಿಸುವವರು ನಾವೇ ಆಗುತ್ತೇವೆ, ಇಳಿದ ಬೆಲೆಗೆ ಮಾರುವವರೂ ನಾವೇ. ಎರಡರಲ್ಲಿ ಒಂದನ್ನು ಆರಿಸು ಅಂದ್ರ ನಾವು ಮೊದಲನೆಯದನ್ನೇ ಆರಿಸುತ್ತೇವೆ. ಜಗಳ ಮಾಡಿದ ಗೆಳೆಯ ಇನ್ನೂ ಪೂರ್ತಿ ಒಪ್ಪಿಲ್ಲ. ‘ಎರಡು ಪಟ್ಟು ಯಾಕ, ಮೂರು ಯಾಕಲ್ಲ?’ ಅಂತ ಕೇಳುತ್ತಾನೆ. ಅದು ನ್ಯಾಯವಾದ ಪ್ರಶ್ನೆ. ಆ ಸಂಖ್ಯೆಯನ್ನು ಹಳೇ ಡೇಟಾ ಮೇಲೆ ಪರೀಕ್ಷಿಸಿ ಬದಲಿಸಬಹುದು, ಆದರೆ ಅಲ್ಲೊಂದು ಸಂಖ್ಯೆ ಇರಲೇಬೇಕು.