ಪೌತಿ ಖಾತೆಗೆ ಒಂದೇ ಚಿತ್ರ ಸಾಕು

ಕಂದಾಯದವರ ಮಾಹಿತಿ ಸಭೆಗಳಲ್ಲಿ ಈಗ ಗೋಡೆಗೆ ಬೆಳಕು ಬಿಟ್ಟು ಸ್ಲೈಡ್ ತೋರಿಸುವುದು ರೂಢಿ. ಒಳ್ಳೆಯದೇ. ಆದರೆ ಪೌತಿ ಖಾತೆಯ ಬಗ್ಗೆ ನಾನು ನೋಡಿದ ಸ್ಲೈಡಿನಲ್ಲಿ ಇದ್ದದ್ದು ಕಚೇರಿಯೊಳಗೆ ಕಡತ ಓಡಾಡುವ ದಾರಿ. ಯಾವ ಮೇಜಿನಿಂದ ಯಾವ ಮೇಜಿಗೆ ಎಂದು ಇಪ್ಪತ್ತಕ್ಕೂ ಹೆಚ್ಚು ಚೌಕ, ಅಡ್ಡಾದಿಡ್ಡಿ ಬಾಣ. ನಾವು ನಡೆಯಬೇಕಾದ ದಾರಿ ಅದರಲ್ಲಿ ಇರಲೇ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಫ್ಲೋಚಾರ್ಟ್ ಎನ್ನುವ ಈ ಬಾಣದ ಚಿತ್ರ ಕೃಷಿಕ ಎದ್ದು ಹೊರಡುವಲ್ಲಿಂದ ಶುರುವಾಗಬೇಕು, ಹೊಸ ಪಹಣಿ ಕೈಗೆ ಬರುವಲ್ಲಿ ಮುಗಿಯಬೇಕು. ಎಂಟು ಚೌಕ ದಾಟಬಾರದು. ಪ್ರತಿ ಚೌಕದಲ್ಲೂ ಮೂರು ಸಂಗತಿ ಸಾಕು: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು, ಬರುವಾಗ ಕೈಯಲ್ಲಿ ಯಾವ ಕಾಗದ ಇರಬೇಕು.

ಒಂದು ಉದಾಹರಣೆ ನೋಡುವ. ತಂದೆ ತೀರಿಕೊಂಡಿದ್ದಾರೆ. ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬಳು ಮಗಳು ಇದ್ದಾರೆ. ಉಯಿಲು ಇಲ್ಲ. ಹೆಚ್ಚಿನವರು 'ಅರ್ಜಿ ಎಲ್ಲಿ ಕೊಡುವುದು?' ಎಂದೇ ಶುರು ಮಾಡ್ತಾರೆ. ಚಿತ್ರದ ಮೊದಲ ಪ್ರಶ್ನೆ ಅದಾಗಬಾರದು. 'ಪಹಣಿಯ 9ನೇ ಕಲಮಿನಲ್ಲಿ ಯಾರ ಹೆಸರಿದೆ?' ಎಂದು ಇರಬೇಕು. ತಂದೆಯ ಹೆಸರಿದ್ದರೆ ಬಾಣ ನೇರ ಕೆಳಗೆ. ಅಜ್ಜನ ಹೆಸರೇ ಉಳಿದಿದ್ದರೆ ಬಾಣ ಪಕ್ಕಕ್ಕೆ ತಿರುಗಬೇಕು: ಇಬ್ಬರ ಮರಣ ಪತ್ರವೂ ಬೇಕು, ವಂಶವೃಕ್ಷ ಅಜ್ಜನಿಂದಲೇ ಶುರುವಾಗಬೇಕು. ಆಗ ಚಿಕ್ಕಪ್ಪ, ಅತ್ತೆಯರೂ ಅದರೊಳಗೆ ಬರ್ತಾರೆ. ಇದು ಗೊತ್ತಿಲ್ಲದೆ ಅರ್ಜಿ ಹಾಕಿದವರು ತಿಂಗಳು ಕಳೆದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡ್ತಾರೆ.

ಎರಡನೇ ಪ್ರಶ್ನೆ ಮರಣ ಪತ್ರದ್ದು. ಸಾವು ನೋಂದಣಿಯಾಗಿದ್ದರೆ ಪ್ರತಿ ತೆಗೆದರೆ ಆಯಿತು. ನೋಂದಣಿಯೇ ಆಗದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರ ಹಂತದಲ್ಲಿದೆ. ಅಜ್ಜನ ಕಾಲದ ಸಾವುಗಳಲ್ಲಿ ತಡವಾಗುವುದು ಹೆಚ್ಚಾಗಿ ಇಲ್ಲೇ. ಈ ಚೌಕಕ್ಕೆ ಬೇರೆ ಬಣ್ಣ ಕೊಡಲಿ.

ಮೂರನೆಯದು ನಾಡಕಚೇರಿಯ ವಂಶವೃಕ್ಷ. ಇಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಬರೆಯಬೇಕು: 'ಮದುವೆಯಾದ ಹೆಣ್ಣುಮಕ್ಕಳ ಹೆಸರೂ ಸೇರಿದೆಯೇ?' ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಹೆಂಡತಿ, ಮಗ, ಮಗಳು ಎಲ್ಲರೂ ವಾರಸುದಾರರೇ. 'ತಂಗಿ ಹೇಗೂ ಕೇಳುವವಳಲ್ಲ' ಎಂದು ಹೆಸರು ಬಿಟ್ಟರೆ ಮುಂದೆ ಬರುವ ತಕರಾರಿಗೆ ನಾವೇ ಬಾಗಿಲು ತೆರೆದ ಹಾಗೆ. ಆಕೆಗೆ ಪಾಲು ಬೇಡವಾದರೆ ಅದನ್ನು ಆಮೇಲೆ ದಾಖಲೆ ಮಾಡಿ ಬಿಡಬೇಕೇ ಹೊರತು ವಂಶವೃಕ್ಷದಿಂದ ಅಳಿಸುವುದಲ್ಲ.

ನಂತರ ಅರ್ಜಿ. ಕೊಟ್ಟ ಕೂಡಲೇ ನಂಬರು ಇರುವ ರಸೀದಿ ಕೈಗೆ ಬರಬೇಕು. ರಸೀದಿ ಇಲ್ಲದಿದ್ದರೆ ಅರ್ಜಿ ಕೊಟ್ಟದ್ದಕ್ಕೆ ನಮ್ಮಲ್ಲಿ ಆಧಾರವೇ ಇಲ್ಲ. ಮುಂದಿನದು ನಮೂನೆ 21ರ ನೋಟೀಸು, ತಕರಾರಿಗೆ ನಿಗದಿತ ದಿನಗಳು. ಈ ದಿನಗಳ ಲೆಕ್ಕ ನೋಟೀಸಿನಿಂದ ಶುರು, ಅರ್ಜಿ ಕೊಟ್ಟ ದಿನದಿಂದಲ್ಲ. ಹಾಗಾಗಿ 'ತಿಂಗಳಾಯ್ತು, ಏನಾಯ್ತು?' ಎಂದು ಕೇಳುವುದಕ್ಕಿಂತ 'ನೋಟೀಸು ಯಾವ ತಾರೀಖಿನದ್ದು?' ಎಂದು ಕೇಳಿದರೆ ಕಡತ ಎಲ್ಲಿ ನಿಂತಿದೆಯೆಂದು ಗೊತ್ತಾಗ್ತದೆ.

ಇಲ್ಲಿ ದಾರಿ ಎರಡಾಗ್ತದೆ. ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರ ಆದೇಶ, ಆಮೇಲೆ ಹೊಸ ಪಹಣಿ. ತಕರಾರು ಬಂದರೆ ವಿಚಾರಣೆ. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಸಹಾಯಕ ಆಯುಕ್ತರಿಗೆ ಮೇಲ್ಮನವಿ. ಎರಡೂ ಬಾಣ ಚಿತ್ರದಲ್ಲಿ ಇರಲೇಬೇಕು. ಸಭೆಗಳಲ್ಲಿ ಸುಗಮ ದಾರಿಯನ್ನು ಮಾತ್ರ ತೋರಿಸ್ತಾರೆ. ಹೊಂಡ ಇರುವ ದಾರಿ ಹಿಡಿದವನಿಗೆ ಅಲ್ಲವೇ ನಕ್ಷೆ ಬೇಕಾದ್ದು?

ಕೊನೆಯ ಚೌಕದಲ್ಲಿ 'ಹೊಸ ಪಹಣಿ ತೆಗೆದು ನೋಡಿ' ಎಂದಿರಲಿ. 9ನೇ ಕಲಮಿನಲ್ಲಿ ತಾಯಿ ಮತ್ತು ಮೂವರು ಮಕ್ಕಳು, ನಾಲ್ಕೂ ಹೆಸರು ಸರಿಯಾಗಿರಬೇಕು. 10ರಲ್ಲಿ ಎಂ.ಆರ್. ನಂಬರು ಇರಬೇಕು.

ಇಷ್ಟಕ್ಕೇ ನಿಲ್ಲಿಸಲಿ. ಪೌತಿಯಿಂದ ಹೆಸರು ಜಂಟಿಯಾಗಿ ಬರ್ತದೆ, ಜಾಗ ಪಾಲಾಗುವುದಿಲ್ಲ. ಪಾಲಿಗೆ 11ಇ ನಕ್ಷೆ ಬೇಕು, ಅದರ ದಾರಿಯೇ ಬೇರೆ. ಎರಡನ್ನೂ ಒಂದೇ ಸ್ಲೈಡಿಗೆ ತುರುಕಿದರೆ ಒಂದೂ ತಲೆಗೆ ಹೋಗುವುದಿಲ್ಲ.

ಗೋಡೆಯ ಮೇಲಿನ ಚಿತ್ರ ದೀಪ ಆರಿದ ಕೂಡಲೇ ಹೋಯಿತು. ಅದನ್ನೇ ಒಂದು ಹಾಳೆಯಲ್ಲಿ ಮುದ್ರಿಸಿ, ಪ್ರತಿ ಚೌಕದ ಪಕ್ಕ ತಾರೀಖು ಬರೆಯಲು ಜಾಗ ಬಿಟ್ಟು ಕೊಡಲಿ. ಸ್ಲೈಡ್ ಮಾಡುವವರು ಒಮ್ಮೆ ಅದನ್ನು ಪೌತಿ ಮಾಡಿಸಿಯೇ ಗೊತ್ತಿಲ್ಲದ ಕೃಷಿಕನ ಕೈಗೆ ಕೊಟ್ಟು, 'ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗ್ತೀರಿ?' ಎಂದು ಕೇಳಲಿ. ಆತ ಉತ್ತರ ಹೇಳಲು ತಡವರಿಸಿದರೆ ಚಿತ್ರ ತಿದ್ದಬೇಕು.